ವರ್ಗ ಮಾಡದೆ ಸಿಂಗ್ಯುಲರ್ ಮೌಲ್ಯ ಹುಡುಕುವ ದಾರಿ

ಹತ್ತು ಅಂಕಿಗಳನ್ನಷ್ಟೇ ಹಿಡಿದಿಟ್ಟುಕೊಳ್ಳುವ ಒಂದು ಕ್ಯಾಲ್ಕುಲೇಟರ್ ಇದೆ ಎಂದುಕೊಳ್ಳಿ. ಅದರಲ್ಲಿ 0.00001 ಎಂಬ ಸಂಖ್ಯೆಯನ್ನು ಬರೆಯಲು ಯಾವ ತೊಂದರೆಯೂ ಇಲ್ಲ. ಅದರ ವರ್ಗ 0.0000000001, ಅದನ್ನು ಬರೆಯಲೂ ತೊಂದರೆಯಿಲ್ಲ. ಆದರೆ ಆ ವರ್ಗವನ್ನು 1ಕ್ಕೆ ಕೂಡಿಸಿದರೆ 1.0000000001 ಆಗಬೇಕು, ಅದಕ್ಕೆ ಹನ್ನೊಂದು ಅಂಕಿ ಬೇಕು. ಯಂತ್ರ ಕೊನೆಯ ಅಂಕಿಯನ್ನು ಕೈಬಿಟ್ಟು 1 ಎಂದು ಉತ್ತರಿಸುತ್ತದೆ. ಕೂಡಿಸಿದ್ದು ಯಾವ ಗುರುತನ್ನೂ ಉಳಿಸದೆ ಹೋಯಿತು. ಮ್ಯಾಟ್ರಿಕ್ಸ್‌ಗಳ ಲೆಕ್ಕದಲ್ಲಿ ಈ ಸಣ್ಣ ನಷ್ಟ ದೊಡ್ಡ ತಪ್ಪಾಗಿ ಬೆಳೆಯಬಲ್ಲದು. ಅದನ್ನು ತಪ್ಪಿಸಲು ಕಂಡುಕೊಂಡ ದಾರಿಯೇ ಈ ಲೇಖನದ ವಿಷಯ.

ಏನನ್ನು ಹುಡುಕುತ್ತಿದ್ದೇವೆ?

ಮ್ಯಾಟ್ರಿಕ್ಸ್ ಎಂದರೆ ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿದ ಸಂಖ್ಯೆಗಳು. ಅದನ್ನು ಬಿಂದುಗಳ ಮೇಲೆ ಪ್ರಯೋಗಿಸಿದರೆ ಅವು ಬೇರೆ ಜಾಗಗಳಿಗೆ ಹೋಗುತ್ತವೆ. ಕೇಂದ್ರದಿಂದ ಒಂದು ಅಳತೆ ದೂರದಲ್ಲಿರುವ ಬಿಂದುಗಳೆಲ್ಲ ಸೇರಿ ಒಂದು ವೃತ್ತವಾಗುತ್ತವೆ. ಮ್ಯಾಟ್ರಿಕ್ಸ್ ಆ ವೃತ್ತವನ್ನು ದೀರ್ಘವೃತ್ತವಾಗಿ ಎಳೆಯುತ್ತದೆ. ಆ ದೀರ್ಘವೃತ್ತದ ಅರ್ಧ ಅಕ್ಷಗಳ ಉದ್ದಗಳೇ ಸಿಂಗ್ಯುಲರ್ ಮೌಲ್ಯಗಳು. ಅತಿ ದೊಡ್ಡದು ಮ್ಯಾಟ್ರಿಕ್ಸ್ ಹೆಚ್ಚೆಂದರೆ ಎಷ್ಟು ಎಳೆಯುತ್ತದೆ ಎಂದು ಹೇಳುತ್ತದೆ, ಅತಿ ಚಿಕ್ಕದು ಎಷ್ಟು ಕುಗ್ಗಿಸುತ್ತದೆ ಎಂದು ಹೇಳುತ್ತದೆ. ಚಿಕ್ಕದು ಸೊನ್ನೆಯಾದರೆ ದೀರ್ಘವೃತ್ತ ಚಪ್ಪಟೆಯಾಗಿ ಗೆರೆಯಾಗಿಬಿಟ್ಟಿದೆ ಎಂದರ್ಥ. ಅಂದರೆ ಕಂಬಸಾಲುಗಳು ಒಂದನ್ನೊಂದು ಅವಲಂಬಿಸಿವೆ, ಒಂದರಲ್ಲಿ ಇನ್ನೊಂದಕ್ಕಿಂತ ಹೊಸ ಮಾಹಿತಿಯೇನೂ ಇಲ್ಲ.

ಇಂಥ ಮೌಲ್ಯಗಳಿವೆ ಎಂಬುದು ಹಳೆಯ ಗಣಿತ. ಇಟಲಿಯ ಯುಜೀನಿಯೊ ಬೆಲ್ಟ್ರಾಮಿ 1873ರಲ್ಲಿ, ಫ್ರಾನ್ಸಿನ ಕಮಿಲ್ ಜೋರ್ಡಾನ್ 1874ರಲ್ಲಿ ಇದನ್ನು ತೋರಿಸಿದ್ದರು. ಅವನ್ನು ಯಂತ್ರದಲ್ಲಿ ನಂಬಿಕೆಯಿಂದ ಲೆಕ್ಕ ಹಾಕುವ ದಾರಿ ತೆರೆದದ್ದು ಮಾತ್ರ 1965ರಲ್ಲಿ. ಆ ವರ್ಷ ಜೀನ್ ಗೋಲಬ್ ಮತ್ತು ವಿಲಿಯಂ ಕಹಾನ್ ಒಂದು ಪ್ರಬಂಧ ಪ್ರಕಟಿಸಿದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಗೋಲಬ್ ಅವರಿಗೆ ಈ ವಿಷಯದ ಮೇಲೆ ಎಷ್ಟು ಪ್ರೀತಿಯಿತ್ತೆಂದರೆ, ಅವರ ಕಾರಿನ ನಂಬರ್ ಪ್ಲೇಟಿನ ಮೇಲೆ ‘ಪ್ರೊಫ್ ಎಸ್‌ವಿಡಿ’ ಎಂದಿತ್ತು. ಎಸ್‌ವಿಡಿ ಎಂಬುದು ಸಿಂಗ್ಯುಲರ್ ವ್ಯಾಲ್ಯೂ ಡೀಕಾಂಪೊಸಿಷನ್ ಎಂಬುದರ ಚುಟುಕು ರೂಪ. ಕಹಾನ್ ಮುಂದೆ ಕಂಪ್ಯೂಟರುಗಳ ದಶಮಾಂಶ ಲೆಕ್ಕಕ್ಕೆ ಶಿಸ್ತು ತಂದ ಕೆಲಸಕ್ಕಾಗಿ 1989ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದರು.

ಸುಲಭ ದಾರಿಯ ಅಪಾಯ

ಪಠ್ಯಪುಸ್ತಕದ ವ್ಯಾಖ್ಯಾನ ಹೀಗಿದೆ: A ಎಂಬ ಮ್ಯಾಟ್ರಿಕ್ಸನ್ನು ಮಗುಚಿ, ಅಂದರೆ ಅಡ್ಡಸಾಲುಗಳನ್ನು ಕಂಬಸಾಲುಗಳಾಗಿಸಿ, A ಜೊತೆಗೇ ಗುಣಿಸಿ. ಬರುವ AᵀA ಎಂಬ ಮ್ಯಾಟ್ರಿಕ್ಸಿನ ಐಗನ್ ಮೌಲ್ಯಗಳನ್ನು ಕಂಡುಹಿಡಿದು ವರ್ಗಮೂಲ ತೆಗೆಯಿರಿ, ಅವೇ ಸಿಂಗ್ಯುಲರ್ ಮೌಲ್ಯಗಳು. ಕಾಗದದ ಮೇಲೆ ಇದರಲ್ಲಿ ಒಂದು ತಪ್ಪೂ ಇಲ್ಲ. ಯಂತ್ರದಲ್ಲಿ ಏನಾಗುತ್ತದೆ ಎಂದು ನೋಡಲು ಈ ಪುಟ್ಟ ಮ್ಯಾಟ್ರಿಕ್ಸ್ ಸಾಕು. ಇಲ್ಲಿ e ಎಂದರೆ 0.00001.

```
1   1
e   0
0   e
```

ಎರಡು ಕಂಬಸಾಲುಗಳು ಬಹುಮಟ್ಟಿಗೆ ಒಂದೇ. ಎರಡು ಉಪಕರಣಗಳು ಒಂದೇ ವಸ್ತುವನ್ನು ಅಳೆದು, ತೀರಾ ಸಣ್ಣ ವ್ಯತ್ಯಾಸ ತೋರಿಸಿದಾಗ ಇಂಥ ದತ್ತಾಂಶ ಬರುತ್ತದೆ. ಇದರ ನಿಜವಾದ ಸಿಂಗ್ಯುಲರ್ ಮೌಲ್ಯಗಳು ಎರಡು. ದೊಡ್ಡದು ಸುಮಾರು 1.414, ಚಿಕ್ಕದು ಸರಿಯಾಗಿ e. ಎರಡೂ ಕಂಬಸಾಲುಗಳು ಬೇರೆ ಬೇರೆ ಎಂಬುದಕ್ಕೆ ಆ ಚಿಕ್ಕ ಮೌಲ್ಯವೊಂದೇ ಸಾಕ್ಷಿ.

ಈಗ AᵀA ಮಾಡಿ. ಕರ್ಣದ ಮೇಲೆ 1 + e² ಬರಬೇಕು, ಉಳಿದೆಡೆ 1. ನಮ್ಮ ಹತ್ತಂಕಿಯ ಯಂತ್ರ 1 + e² ಅನ್ನು 1 ಎಂದೇ ಬರೆದುಕೊಳ್ಳುತ್ತದೆ. ನಾಲ್ಕೂ ಜಾಗದಲ್ಲಿ 1 ಉಳಿಯಿತು. ಅದರ ಐಗನ್ ಮೌಲ್ಯಗಳು 2 ಮತ್ತು 0. ಅಂದರೆ ಚಿಕ್ಕ ಸಿಂಗ್ಯುಲರ್ ಮೌಲ್ಯ ಸೊನ್ನೆ, ಎರಡೂ ಕಂಬಸಾಲು ಒಂದೇ ಎಂದು ಯಂತ್ರ ತೀರ್ಪು ಕೊಟ್ಟಿತು. ಈ ಹಂತದ ನಂತರ ಎಷ್ಟೇ ಜಾಣ ಕ್ರಮ ಬಳಸಿದರೂ e ಮರಳಿ ಬರುವುದಿಲ್ಲ. ಅದು ಗುಣಿಸುವಾಗಲೇ ಅಳಿಸಿಹೋಗಿದೆ. ಇಂದಿನ ಕಂಪ್ಯೂಟರುಗಳು ಸುಮಾರು ಹದಿನಾರು ಅಂಕಿ ಹಿಡಿಯುತ್ತವೆ, ಆದರೆ ಸಮಸ್ಯೆ ಹಾಗೆಯೇ ಇದೆ. ಅಲ್ಲಿ e ಬದಲು 0.00000001 ಇಟ್ಟರೆ ಇದೇ ಕತೆ.

ಹಾಗಾದರೆ A ಅನ್ನು ವರ್ಗ ಮಾಡದೆ ನೇರವಾಗಿ A ಮೇಲೆಯೇ ಕೆಲಸ ಮಾಡಬೇಕು. ಸಿಂಗ್ಯುಲರ್ ಮೌಲ್ಯ ಬದಲಾಗದಂತೆ ಅದರೊಳಗಿನ ಸಂಖ್ಯೆಗಳನ್ನು ಒಂದೊಂದಾಗಿ ಸೊನ್ನೆ ಮಾಡುತ್ತಾ ಹೋಗಬೇಕು.

ಉದ್ದ ಕೆಡಿಸದ ಪ್ರತಿಫಲನ

ಒಂದು ದೀರ್ಘವೃತ್ತವನ್ನು ತಿರುಗಿಸಿದರೆ ಅಥವಾ ಕನ್ನಡಿಯಲ್ಲಿ ಪ್ರತಿಫಲಿಸಿದರೆ ಅದರ ಅಕ್ಷಗಳ ದಿಕ್ಕು ಬದಲಾಗುತ್ತದೆ, ಉದ್ದ ಬದಲಾಗುವುದಿಲ್ಲ. ಹೀಗೆ ಉದ್ದಗಳನ್ನೂ ಕೋನಗಳನ್ನೂ ಕಾಪಾಡುವ ಪರಿವರ್ತನೆಗಳಿಗೆ ಆರ್ಥೋಗನಲ್ ಪರಿವರ್ತನೆಗಳು ಎನ್ನುತ್ತಾರೆ. ಮ್ಯಾಟ್ರಿಕ್ಸನ್ನು ಎಡದಿಂದ ಇಂಥದ್ದೊಂದರಿಂದ ಗುಣಿಸಿದರೂ, ಬಲದಿಂದ ಇನ್ನೊಂದರಿಂದ ಗುಣಿಸಿದರೂ ಸಿಂಗ್ಯುಲರ್ ಮೌಲ್ಯಗಳು ಅಲುಗುವುದಿಲ್ಲ. ಎಡದ ಮತ್ತು ಬಲದ ಪರಿವರ್ತನೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬೇರೆಯಾಗಿಯೇ ಇರಬಹುದು. ಈ ಸ್ವಾತಂತ್ರ್ಯವೇ ಮುಂದಿನ ಕೆಲಸಕ್ಕೆಲ್ಲ ಆಧಾರ.

ಅಮೆರಿಕದ ಆಲ್‌ಸ್ಟನ್ ಹೌಸ್‌ಹೋಲ್ಡರ್ 1958ರಲ್ಲಿ ಪ್ರತಿಫಲನಗಳನ್ನು ಈ ಕೆಲಸಕ್ಕೆ ಹೇಗೆ ಬಳಸಬಹುದೆಂದು ತೋರಿಸಿದರು. ಒಂದು ಕಂಬಸಾಲು x ಇದೆ. ಅದರ ಮೊದಲ ಸಂಖ್ಯೆಯನ್ನು ಬಿಟ್ಟು ಉಳಿದವೆಲ್ಲ ಸೊನ್ನೆಯಾಗಬೇಕು. x ಉದ್ದವನ್ನು ಲೆಕ್ಕ ಹಾಕಿ, ಅದನ್ನು x ನ ಮೊದಲ ಸಂಖ್ಯೆಗೆ ಸೇರಿಸಿದರೆ v ಎಂಬ ಹೊಸ ಕಂಬಸಾಲು ಸಿಗುತ್ತದೆ. v ಗೆ ಲಂಬವಾಗಿ ನಿಂತ ಕನ್ನಡಿಯಲ್ಲಿ ಪ್ರತಿಫಲಿಸಿದರೆ x ನೇರವಾಗಿ ಮೊದಲ ಅಕ್ಷದ ಮೇಲೆ ಬಂದು ಕೂರುತ್ತದೆ. ಅದೇ ಕನ್ನಡಿಯಲ್ಲಿ ಬೇರೆ ಯಾವುದೇ ಕಂಬಸಾಲು y ಏನಾಗುತ್ತದೆ ಎಂಬುದಕ್ಕೆ ಸೂತ್ರ ಇಷ್ಟೇ:

```
y − 2 (v·y)/(v·v) v
```

v·y ಎಂದರೆ ಎರಡರ ಸಂಖ್ಯೆಗಳನ್ನು ಜೋಡಿ ಜೋಡಿಯಾಗಿ ಗುಣಿಸಿ ಕೂಡಿಸಿದ್ದು.

ಕೈಯಲ್ಲೇ ಮಾಡಿ ನೋಡೋಣ

ಲೆಕ್ಕ ಸಲೀಸಾಗಿ ಸಾಗಲೆಂದು ಸಂಖ್ಯೆಗಳನ್ನು ಆರಿಸಿ ಒಂದು ಮ್ಯಾಟ್ರಿಕ್ಸ್ ಇಟ್ಟಿದ್ದೇನೆ. ಕಾಗದ, ಪೆನ್ನು ಹಿಡಿದು ಜೊತೆಗೆ ಬನ್ನಿ.

```
1    5    0
2   −4   −2
2   −3   −4
```

ಮೊದಲ ಕಂಬಸಾಲು (1, 2, 2). ವರ್ಗಗಳ ಮೊತ್ತ 9, ಉದ್ದ 3. ಅದನ್ನು ಮೊದಲ ಸಂಖ್ಯೆಗೆ ಸೇರಿಸಿದರೆ v = (4, 2, 2), v·v = 24. ಪ್ರತಿಫಲನದಲ್ಲಿ ಈ ಕಂಬಸಾಲು (−3, 0, 0) ಆಗುತ್ತದೆ. ಎರಡನೆಯ ಕಂಬಸಾಲಿಗೆ v·y = 20 − 8 − 6 = 6. ಅದರ ಎರಡರಷ್ಟನ್ನು 24ರಿಂದ ಭಾಗಿಸಿದರೆ ಅರ್ಧ. ಹಾಗಾಗಿ ಅದರಿಂದ v ಯ ಅರ್ಧ ಕಳೆಯಬೇಕು, (3, −5, −4) ಬರುತ್ತದೆ. ಮೂರನೆಯದಕ್ಕೆ v·y = −12, ಆದ್ದರಿಂದ v ಯನ್ನೇ ಕೂಡಿಸಬೇಕು, (4, 0, −2) ಬರುತ್ತದೆ.

```
−3    3    4
 0   −5    0
 0   −4   −2
```

ಈಗ ಮೊದಲ ಅಡ್ಡಸಾಲಿಗೆ ಕೈ ಹಾಕೋಣ. ಇಲ್ಲಿ ಬಲದಿಂದ ಪ್ರತಿಫಲನ ಮಾಡಬೇಕು. ಈ ವಿಧಾನದ ಮರ್ಮ ಇರುವುದು ಇಲ್ಲಿಯೇ. ಮೂರೂ ಸಂಖ್ಯೆಗಳನ್ನು ಕನ್ನಡಿಗೆ ಹಿಡಿದು −3ರ ಬಲಕ್ಕಿರುವ ಎರಡನ್ನೂ ಸೊನ್ನೆ ಮಾಡಿಬಿಡೋಣ ಎಂದು ಆಸೆಯಾಗುತ್ತದೆ. ಹಾಗೆ ಮಾಡಿದರೆ ಆ ಕನ್ನಡಿ ಮೊದಲ ಕಂಬಸಾಲನ್ನೂ ಉಳಿದೆರಡರ ಜೊತೆ ಬೆರೆಸುತ್ತದೆ, ಈಗಷ್ಟೇ ಕಷ್ಟಪಟ್ಟು ಗಳಿಸಿದ ಸೊನ್ನೆಗಳು ತುಂಬಿಹೋಗುತ್ತವೆ. ಆದ್ದರಿಂದ ಮೊದಲ ಕಂಬಸಾಲನ್ನು ಮುಟ್ಟದೆ ಎರಡನೆಯದು, ಮೂರನೆಯದನ್ನು ಮಾತ್ರ ಪ್ರತಿಫಲಿಸಬೇಕು. ಆಗ (3, 4) ಎಂಬ ತುಣುಕಿನಲ್ಲಿ 4 ಅಳಿಯುತ್ತದೆ, 3 ಇದ್ದ ಜಾಗದಲ್ಲಿ ಒಂದು ಸಂಖ್ಯೆ ಉಳಿಯುತ್ತದೆ. ಕರ್ಣದ ಪಕ್ಕದ ಆ ಒಂದು ಸಂಖ್ಯೆಯನ್ನು ಬಿಟ್ಟುಕೊಟ್ಟು ಉಳಿದೆಲ್ಲ ಸೊನ್ನೆಗಳನ್ನು ಉಳಿಸಿಕೊಳ್ಳುತ್ತೇವೆ.

(3, 4)ರ ಉದ್ದ 5, v = (8, 4), v·v = 80. ಮೊದಲ ಅಡ್ಡಸಾಲಿನ ತುಣುಕು (−5, 0) ಆಗುತ್ತದೆ. ಎರಡನೆಯ ಅಡ್ಡಸಾಲಿನ (−5, 0), ಮೂರನೆಯದರ (−4, −2) ಎರಡಕ್ಕೂ v·y = −40. ಹಾಗಾಗಿ ಎರಡಕ್ಕೂ v ಯನ್ನು ಕೂಡಿಸಿದರಾಯಿತು.

```
−3   −5    0
 0    3    4
 0    4    2
```

ಕೊನೆಯದಾಗಿ ಮತ್ತೆ ಎಡದಿಂದ, ಮೊದಲ ಅಡ್ಡಸಾಲನ್ನು ಬಿಟ್ಟು, ಎರಡನೆಯ ಕಂಬಸಾಲಿನ (3, 4) ಮೇಲೆ. v ಮತ್ತೆ (8, 4). (3, 4) ಎಂಬುದು (−5, 0) ಆಗುತ್ತದೆ, ಪಕ್ಕದ (4, 2) ಎಂಬುದು (−4, −2) ಆಗುತ್ತದೆ.

```
−3   −5    0
 0   −5   −4
 0    0   −2
```

ಕರ್ಣ ಮತ್ತು ಅದರ ಮೇಲಿನ ಪಕ್ಕದ ಗೆರೆ, ಈ ಎರಡನ್ನು ಬಿಟ್ಟು ಎಲ್ಲ ಸೊನ್ನೆ. ಇದನ್ನೇ ಬೈಡಯಾಗನಲ್ ರೂಪ, ಅಂದರೆ ಜೋಡಿ ಕರ್ಣದ ರೂಪ ಎನ್ನುತ್ತಾರೆ. ಲೆಕ್ಕ ಸರಿಯಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆಗಳಿವೆ. ಆರಂಭದ ಮ್ಯಾಟ್ರಿಕ್ಸಿನ ಎಲ್ಲ ಸಂಖ್ಯೆಗಳ ವರ್ಗಗಳ ಮೊತ್ತ 79. ಕೊನೆಯದರಲ್ಲೂ 9 + 25 + 25 + 16 + 4, ಅಂದರೆ 79. ಡಿಟರ್ಮಿನೆಂಟ್ ಮೊದಲು 30 ಇತ್ತು, ಈಗ −30. ಮೂರು ಪ್ರತಿಫಲನಗಳು ಮೂರು ಸಲ ಚಿಹ್ನೆ ಬದಲಿಸಿವೆ, ಗಾತ್ರ ಹಾಗೆಯೇ ಉಳಿದಿದೆ.

ಕೂಡಬೇಕೋ, ಕಳೆಯಬೇಕೋ?

v ಮಾಡುವಾಗ ಉದ್ದವನ್ನು ಮೊದಲ ಸಂಖ್ಯೆಗೆ ಕೂಡಿದೆವು. ಕಳೆದರೂ ಗಣಿತದ ಪ್ರಕಾರ ಕನ್ನಡಿ ಸಿಗುತ್ತದೆ. ಆದರೆ ಯಂತ್ರದಲ್ಲಿ ಅದು ಮೋಸ ಮಾಡಬಲ್ಲದು. ಹಿಂದಿನ e ಮ್ಯಾಟ್ರಿಕ್ಸಿನ ಮೊದಲ ಕಂಬಸಾಲು (1, e, 0). ಅದರ ಉದ್ದ ನಮ್ಮ ಹತ್ತಂಕಿಯ ಯಂತ್ರದಲ್ಲಿ 1. ಕಳೆದರೆ v = (0, e, 0). ಈ ಕನ್ನಡಿ e ಯ ಚಿಹ್ನೆಯನ್ನಷ್ಟೇ ಬದಲಿಸುತ್ತದೆ, ಸೊನ್ನೆ ಮಾಡುವುದೇ ಇಲ್ಲ. ಬಹುತೇಕ ಸಮನಾದ ಎರಡು ಸಂಖ್ಯೆಗಳನ್ನು ಕಳೆದಾಗ ಬೆಲೆಯುಳ್ಳ ಅಂಕಿಗಳೆಲ್ಲ ಹೊರಟುಹೋದದ್ದೇ ಇದಕ್ಕೆ ಕಾರಣ. ಅದಕ್ಕಾಗಿ ಮೊದಲ ಸಂಖ್ಯೆಯ ಚಿಹ್ನೆಯನ್ನೇ ಉದ್ದಕ್ಕೂ ಕೊಟ್ಟು ಸೇರಿಸುವುದು ಇಲ್ಲಿ ನಿಯಮ.

ನಿಯಮದಂತೆ ಕೂಡಿದರೆ v = (2, e, 0). ಮೊದಲ ಕಂಬಸಾಲು (−1, 0, 0), ಎರಡನೆಯದು (−1, −e, e) ಆಗುತ್ತದೆ. ಎರಡನೆಯ ಕನ್ನಡಿ −e, e ಎಂಬ ಜೋಡಿಯನ್ನು e√2 ಎಂಬ ಒಂದೇ ಸಂಖ್ಯೆಯಾಗಿ ಒಟ್ಟುಗೂಡಿಸುತ್ತದೆ.

```
−1    −1
 0    e√2
```

ಸಿಂಗ್ಯುಲರ್ ಮೌಲ್ಯಗಳ ಗುಣಲಬ್ಧ ಇಲ್ಲಿ e√2. ದೊಡ್ಡದು √2, ಆದ್ದರಿಂದ ಚಿಕ್ಕದು e. ಅದೇ ಹತ್ತಂಕಿಯ ಯಂತ್ರ, ಅದೇ ದತ್ತಾಂಶ. ವರ್ಗ ಮಾಡಿದಾಗ ಅಳಿಸಿಹೋಗಿದ್ದ ಮೌಲ್ಯ ಪ್ರತಿಫಲನದ ದಾರಿಯಲ್ಲಿ ಪೂರ್ತಿಯಾಗಿ ಉಳಿದುಕೊಂಡಿತು.

ಎರಡನೆಯ ಕರ್ಣ ಏಕೆ ಉಳಿಯಲೇಬೇಕು?

ಇನ್ನೂ ಜಾಣತನ ತೋರಿಸಿ, ಲೆಕ್ಕವಿಟ್ಟ ಕೆಲವೇ ಹೆಜ್ಜೆಗಳಲ್ಲಿ ಎರಡನೆಯ ಕರ್ಣವನ್ನೂ ಅಳಿಸಬಾರದೇಕೆ? ಅದು ಸಾಧ್ಯವಿಲ್ಲ. ಸಿಂಗ್ಯುಲರ್ ಮೌಲ್ಯಗಳ ವರ್ಗಗಳು ಒಂದು ಬಹುಪದೋಕ್ತಿಯ ಮೂಲಗಳು. ನಮ್ಮ ಉದಾಹರಣೆಯಲ್ಲಿ ಅದು λ³ − 79λ² + 1005λ − 900 = 0. ಘಾತ ಐದು ಮತ್ತು ಅದಕ್ಕಿಂತ ಹೆಚ್ಚಾದಾಗ ಇಂಥ ಸಮೀಕರಣಗಳನ್ನು ಕೂಡು, ಕಳೆ, ಗುಣಿಸು, ಭಾಗಿಸು, ಮೂಲ ತೆಗೆ ಎಂಬ ಕ್ರಿಯೆಗಳಿಂದ ಬಿಡಿಸುವ ಸಾಮಾನ್ಯ ಸೂತ್ರ ಇಲ್ಲವೆಂದು ಹತ್ತೊಂಬತ್ತನೆಯ ಶತಮಾನದಲ್ಲೇ ಆಬೆಲ್ ಸಾಧಿಸಿದ್ದರು. ನಮ್ಮ ಕನ್ನಡಿಗಳಲ್ಲಿ ಇರುವುದು ಆ ಕ್ರಿಯೆಗಳು ಮಾತ್ರ. ಆದ್ದರಿಂದ ಎಣಿಸಬಹುದಾದ ಹೆಜ್ಜೆಗಳಲ್ಲಿ ಜೋಡಿ ಕರ್ಣದ ತನಕ ಬಂದು, ಅಲ್ಲಿಂದ ಮುಂದೆ ಉತ್ತರವನ್ನು ಸುತ್ತು ಸುತ್ತಾಗಿ ಸಮೀಪಿಸಬೇಕು.

ಆ ಸುತ್ತು ಹೀಗೆ ನಡೆಯುತ್ತದೆ. ಬಲದಿಂದ ಮೊದಲೆರಡು ಕಂಬಸಾಲುಗಳನ್ನು ಒಂದು ಕೋನದಷ್ಟು ತಿರುಗಿಸಿದರೆ ಕರ್ಣದ ಕೆಳಗೆ ಒಂದು ಬೇಡದ ಸಂಖ್ಯೆ ಏಳುತ್ತದೆ. ಎಡದಿಂದ ಮೊದಲೆರಡು ಅಡ್ಡಸಾಲುಗಳನ್ನು ತಿರುಗಿಸಿ ಅದನ್ನು ಅಳಿಸಿದರೆ, ಅದು ಮೇಲ್ಗಡೆ ಬಲಕ್ಕೆ ಇನ್ನೊಂದು ಜಾಗದಲ್ಲಿ ತಲೆಯೆತ್ತುತ್ತದೆ. ಹೀಗೆ ಎಡ, ಬಲ ಎಂದು ಅಟ್ಟುತ್ತಾ ಹೋದರೆ ಕೊನೆಗೆ ಅದು ಮ್ಯಾಟ್ರಿಕ್ಸಿನ ಕೆಳಮೂಲೆಯಿಂದ ಹೊರಬೀಳುತ್ತದೆ. ಜೋಡಿ ಕರ್ಣದ ರೂಪ ಮರಳುತ್ತದೆ, ಆದರೆ ಎರಡನೆಯ ಕರ್ಣ ಮೊದಲಿಗಿಂತ ಸಣ್ಣದಾಗಿರುತ್ತದೆ.

ನಮ್ಮ ಉದಾಹರಣೆಯಲ್ಲಿ ಅಡ್ಡಸಾಲು, ಕಂಬಸಾಲುಗಳ ಚಿಹ್ನೆ ಬದಲಿಸಿ ಎಲ್ಲ ಸಂಖ್ಯೆಗಳನ್ನು ಧನವಾಗಿಸಿಕೊಳ್ಳೋಣ, ಅದೂ ಆರ್ಥೋಗನಲ್ ಕ್ರಿಯೆಯೇ. ಆರಂಭದಲ್ಲಿ ಕರ್ಣ 3, 5, 2 ಮತ್ತು ಪಕ್ಕದ ಕರ್ಣ 5, 4. ಅತ್ಯಂತ ಸರಳ ಬಗೆಯ ಒಂದು ಸುತ್ತಿನ ನಂತರ ಕರ್ಣ 7.238, 4.185, 0.991 ಆಗಿ ಪಕ್ಕದ್ದು 2.817, 0.435ಕ್ಕೆ ಇಳಿಯುತ್ತದೆ. ಎರಡನೆಯ ಸುತ್ತಿಗೆ ಕರ್ಣ 7.914, 3.852, 0.984; ಪಕ್ಕದ್ದು 0.753, 0.028. ನಿಜವಾದ ಉತ್ತರ 7.960, 3.830, 0.984. ಚಿಕ್ಕ ಮೌಲ್ಯ ಎರಡೇ ಸುತ್ತಿನಲ್ಲಿ ಮೂರು ದಶಮಾಂಶದವರೆಗೆ ನೆಲೆಗೊಂಡಿದೆ. ಪಕ್ಕದ ಸಂಖ್ಯೆ ನೆರೆಯ ಕರ್ಣಗಳ ಎದುರು ಲೆಕ್ಕಕ್ಕೆ ಸಿಗದಷ್ಟು ಸಣ್ಣದಾದಾಗ ಅದನ್ನು ಸೊನ್ನೆ ಎಂದು ಬರೆದು, ಆ ಮೌಲ್ಯವನ್ನು ಬೇರ್ಪಡಿಸಿ, ಉಳಿದ ಭಾಗದ ಮೇಲೆ ಮುಂದುವರಿಯುತ್ತಾರೆ.

ಎರಡು ಹಂತಗಳ ವೆಚ್ಚ ನೋಡಿದರೆ ಈ ಏರ್ಪಾಡಿನ ಅರ್ಥ ತಿಳಿಯುತ್ತದೆ. 1000 ಅಡ್ಡಸಾಲು, 1000 ಕಂಬಸಾಲಿನ ಮ್ಯಾಟ್ರಿಕ್ಸನ್ನು ಜೋಡಿ ಕರ್ಣಕ್ಕೆ ತರಲು ಸುಮಾರು 267 ಕೋಟಿ ಕ್ರಿಯೆಗಳು ಬೇಕು. ಅದು ಒಂದೇ ಸಲದ ಖರ್ಚು. ಆಮೇಲೆ ಉಳಿಯುವುದು 1999 ಸಂಖ್ಯೆಗಳು ಮಾತ್ರ. ಒಂದು ಸುತ್ತಿಗೆ ಹತ್ತಾರು ಸಾವಿರ ಕ್ರಿಯೆಗಳು ಸಾಕು, ಎಲ್ಲ ಸುತ್ತುಗಳೂ ಸೇರಿ ಕೆಲವು ಕೋಟಿಯಲ್ಲಿ ಮುಗಿಯುತ್ತವೆ. ಹತ್ತು ಲಕ್ಷ ಸಂಖ್ಯೆಗಳ ಮೂಲ ಮ್ಯಾಟ್ರಿಕ್ಸಿನ ಮೇಲೆಯೇ ಸುತ್ತು ಹಾಕಿದ್ದರೆ ಪ್ರತಿ ಸುತ್ತಿಗೂ ನೂರಾರು ಕೋಟಿ ತೆರಬೇಕಾಗುತ್ತಿತ್ತು.

ಉತ್ತರವನ್ನು ಎಷ್ಟು ನಂಬಬಹುದು?

ಗೋಲಬ್ ಅವರು ಕ್ರಿಶ್ಚಿಯನ್ ರೈನ್ಷ್ ಜೊತೆ 1970ರಲ್ಲಿ ಪ್ರಕಟಿಸಿದ ಪ್ರೋಗ್ರಾಮಿನಿಂದ ಈ ವಿಧಾನ ಎಲ್ಲೆಡೆ ಬಳಕೆಗೆ ಬಂತು. ಸುತ್ತುಗಳು ಬೇಗ ಮುಗಿಯಲೆಂದು ಅದರಲ್ಲಿ ಶಿಫ್ಟ್ ಎಂಬ ತಂತ್ರವಿತ್ತು. ಅದು ತೀರಾ ಸಣ್ಣ ಮೌಲ್ಯಗಳ ಅಂಕಿಗಳನ್ನು ಕೆಡಿಸಬಲ್ಲದು. 1990ರಲ್ಲಿ ಜೇಮ್ಸ್ ಡೆಮೆಲ್ ಮತ್ತು ಕಹಾನ್, ಅಂಥ ಸಂದರ್ಭದಲ್ಲಿ ಶಿಫ್ಟ್ ಬಿಟ್ಟು ಮೇಲೆ ತೋರಿಸಿದಂಥ ಸರಳ ಸುತ್ತು ಹಾಕಿದರೆ ಜೋಡಿ ಕರ್ಣದ ಅತಿ ಸಣ್ಣ ಮೌಲ್ಯವೂ ನಿಖರವಾಗಿ ಸಿಗುತ್ತದೆ ಎಂದು ತೋರಿಸಿದರು.

ಆದರೂ ಮೊದಲ ಹಂತಕ್ಕೆ ಒಂದು ಮಿತಿಯಿದೆ. ಪ್ರತಿಫಲನಗಳಲ್ಲಿ ನುಸುಳುವ ದೋಷ ಅತಿ ದೊಡ್ಡ ಸಿಂಗ್ಯುಲರ್ ಮೌಲ್ಯದ ಅಳತೆಯಲ್ಲಿರುತ್ತದೆ. ಹದಿನಾರು ಅಂಕಿಯ ಲೆಕ್ಕದಲ್ಲಿ ಅದು ದೊಡ್ಡ ಮೌಲ್ಯದ 10⁻¹⁶ ಭಾಗದ ಆಸುಪಾಸು. ದೊಡ್ಡ ಮೌಲ್ಯ 1 ಆಗಿ ಚಿಕ್ಕದು 10⁻⁸ ಆಗಿದ್ದರೆ ಚಿಕ್ಕದರಲ್ಲಿ ಸುಮಾರು ಎಂಟು ಅಂಕಿ ಸರಿಯಿರುತ್ತವೆ. ಚಿಕ್ಕದು 10⁻¹⁶ ಆಗಿದ್ದರೆ ಒಂದಂಕಿಯನ್ನೂ ನಂಬುವಂತಿಲ್ಲ. 1ರಿಂದ 9ರವರೆಗಿನ ಸಂಖ್ಯೆಗಳನ್ನು ಕ್ರಮವಾಗಿ ಮೂರು ಸಾಲಿನಲ್ಲಿ ಬರೆದ ಮ್ಯಾಟ್ರಿಕ್ಸ್ ತೆಗೆದುಕೊಳ್ಳಿ. ಅದರ ಮೌಲ್ಯಗಳು 16.848, 1.068 ಮತ್ತು ಸರಿಯಾಗಿ ಸೊನ್ನೆ. ಕಂಪ್ಯೂಟರ್ ಸಾಮಾನ್ಯವಾಗಿ ಸೊನ್ನೆಯ ಬದಲು 10⁻¹⁶ರ ಆಸುಪಾಸಿನ ಏನನ್ನೋ ತೋರಿಸುತ್ತದೆ. ಅದು ದತ್ತಾಂಶದಲ್ಲಿದ್ದ ಮೌಲ್ಯವಲ್ಲ, ಲೆಕ್ಕದ ಕಸ. ಅಷ್ಟು ಸಣ್ಣ ಮೌಲ್ಯಗಳ ನಿಖರತೆಯೂ ಬೇಕಾದಾಗ ಕೆಲವು ಬಗೆಯ ಮ್ಯಾಟ್ರಿಕ್ಸ್‌ಗಳಿಗೆ ಜಾಕೋಬಿ ವಿಧಾನ ಎಂಬ ನಿಧಾನದ ದಾರಿಯನ್ನು ಹಿಡಿಯುತ್ತಾರೆ. ಬಹುಪಾಲು ಸೊನ್ನೆಗಳೇ ತುಂಬಿದ ಬೃಹತ್ ಮ್ಯಾಟ್ರಿಕ್ಸ್‌ಗಳಿಗೂ ಈ ಕನ್ನಡಿಗಳು ಹೊಂದುವುದಿಲ್ಲ. ಅವು ಸೊನ್ನೆಗಳ ಜಾಗವನ್ನೆಲ್ಲ ತುಂಬಿ ಕಂಪ್ಯೂಟರಿನ ಮೆಮೊರಿಯನ್ನು ನುಂಗುತ್ತವೆ.

ಇಂದು ಈ ಲೆಕ್ಕವನ್ನು ಯಾರೂ ಕೈಯಲ್ಲಿ ಬರೆಯಬೇಕಿಲ್ಲ. ಪೈಥಾನ್ ಬಲ್ಲವರು ನಮ್ಮ ಉದಾಹರಣೆಯನ್ನು ಹೀಗೆ ಪರೀಕ್ಷಿಸಬಹುದು:

```python
import numpy as np
A = np.array([[1, 5, 0], [2, -4, -2], [2, -3, -4]])
print(np.linalg.svd(A, compute_uv=False))
```

ಈ ಆಜ್ಞೆಯ ಹಿಂದೆ ಕೆಲಸ ಮಾಡುವುದು LAPACK ಎಂಬ ಪ್ರೋಗ್ರಾಮ್ ಸಂಗ್ರಹ. ಅದು ಮೊದಲು ಮಾಡುವ ಕೆಲಸ ನಾವು ಮಾಡಿದ್ದೇ, ಎಡಬಲಗಳ ಪ್ರತಿಫಲನದಿಂದ ಜೋಡಿ ಕರ್ಣಕ್ಕೆ ತರುವುದು.

ಸ್ವಂತ ಪ್ರೋಗ್ರಾಮ್ ಬರೆಯುವವರಿಗೆ ಇಷ್ಟು ಹೇಳಬೇಕು. ಸಣ್ಣ ಸಿಂಗ್ಯುಲರ್ ಮೌಲ್ಯ ಬೇಕಾದಲ್ಲಿ AᵀA ಮಾಡಬೇಡಿ. ಹದಿನಾರು ಅಂಕಿಯ ಯಂತ್ರದಲ್ಲಿ ದೊಡ್ಡ ಮೌಲ್ಯದ 10⁻⁸ ಭಾಗಕ್ಕಿಂತ ಸಣ್ಣದೆಲ್ಲ ಆ ಗುಣಾಕಾರದಲ್ಲೇ ಮುಳುಗಿಹೋಗುತ್ತದೆ. ನೇರ ದಾರಿಯಲ್ಲಿ ಬಂದ ಉತ್ತರವನ್ನೂ ದೊಡ್ಡ ಮೌಲ್ಯದ ಜೊತೆ ಹೋಲಿಸಿ ನೋಡಿ. ಅದರ 10⁻¹⁶ ಭಾಗದ ಸಮೀಪ ಇರುವುದನ್ನು ಸೊನ್ನೆ ಎಂದೇ ಎಣಿಸಿ, ಅದಕ್ಕಿಂತ ಸಾಕಷ್ಟು ಮೇಲಿರುವುದನ್ನು ಮಾತ್ರ ದತ್ತಾಂಶದ ಮಾತು ಎಂದು ಸ್ವೀಕರಿಸಿ.